ಪ್ರಾರ್ಥಿಸಲು ಯಾರೂ ಇಲ್ಲದವರಿಗಾಗಿ: ಒಂದು ಕಿರುವಾಕ್ಯದ ಕನ್ನಡ ಕುರಿತು

ನವೆಂಬರ್ ತಿಂಗಳು ಮೃತರ ಸ್ಮರಣೆಯ ತಿಂಗಳು. ಹನುಮಂತನಗರದ ಒಂದು ಮನೆಯಲ್ಲಿ ಆ ತಿಂಗಳ ಒಂದು ಸಂಜೆ ಜಪಸರ ಮುಗಿದ ಮೇಲೆ ಓದಲೆಂದು ನಮ್ಮ ಗುರುಮಠದ ವಿದ್ಯಾರ್ಥಿಯೊಬ್ಬರು ಐದು ಪ್ರಾರ್ಥನೆಗಳ ಒಂದು ಹಾಳೆಯನ್ನು ಸಿದ್ಧಪಡಿಸಿದ್ದರು. ಇಂಗ್ಲಿಷಿನಲ್ಲಿದ್ದುದನ್ನು ಅವರೇ ಕನ್ನಡಕ್ಕೆ ತಂದಿದ್ದರು. ಮನೆಯ ಸೊಸೆ ಒಂದೊಂದನ್ನೇ ಓದುತ್ತಾ ಮೂರನೆಯದಕ್ಕೆ ಬಂದರು: "ನಾವು ಪ್ರಾರ್ಥಿಸುತ್ತೇವೆ ಅವರಿಗಾಗಿ, ಯಾರಿಗೆ ಅವರಿಗಾಗಿ ಪ್ರಾರ್ಥಿಸಲು ಯಾರೂ ಇಲ್ಲವೋ." ಮೂಲೆಯಲ್ಲಿ ಕುಳಿತಿದ್ದ ಹಿರಿಯ ತಾಯಿ ಕೇಳಿದರು: "ಇನ್ನೊಂದ್ಸಾರಿ ಓದಮ್ಮ. ಯಾರಿಗೆ ಯಾರಿಲ್ಲ ಅಂತ?" ಸೊಸೆ ಮತ್ತೊಮ್ಮೆ ಓದಿದರು. ಆಗಲೂ ಅರ್ಥವಾಗಲಿಲ್ಲ. ಕೊನೆಗೆ ಆ ತಾಯಿ ನಮ್ಮ ವಿದ್ಯಾರ್ಥಿಯ ಕಡೆ ತಿರುಗಿ, "ಅಂದ್ರೆ ಹೇಳೋರು ಕೇಳೋರು ಇಲ್ಲದವರಿಗೋಸ್ಕರ ಅಂತ ತಾನೆ, ಬ್ರದರ್? ಹಾಗಂತಲೇ ಬರೀಬಾರದಾ?" ಎಂದರು.

ಈ ಲೇಖನ ಆ ಒಂದು ವಾಕ್ಯದ ವಿಮರ್ಶೆ. ಮೂಲ ಇಂಗ್ಲಿಷ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಹೀಗೆ ಬರೆಯಬಹುದು: 'ವೀ ಪ್ರೇ ಫಾರ್ ದೋಸ್ ಹೂ ಹ್ಯಾವ್ ನೋ ಒನ್ ಟು ಪ್ರೇ ಫಾರ್ ದೆಮ್.' ಹನ್ನೆರಡೇ ಪದಗಳು, ಒಂದೂ ಕಠಿಣವಲ್ಲ. ನಮ್ಮ ವಿದ್ಯಾರ್ಥಿ ಒಂದು ಪದವನ್ನೂ ತಪ್ಪಾಗಿ ತಿಳಿದಿರಲಿಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಆದರೂ ಪ್ರಾರ್ಥನೆ ಕೇಳುವವರನ್ನು ಮುಟ್ಟಲಿಲ್ಲ. ಪದಗಳೆಲ್ಲ ಸರಿಯಿದ್ದೂ ವಾಕ್ಯ ಸೋತದ್ದೇಕೆ ಎಂಬುದೇ ಇಲ್ಲಿ ವಿಚಾರಣೀಯ.

ಕ್ರಿಯಾಪದವನ್ನು ಕೊನೆಗಿಟ್ಟರೆ ಸಾಲದು

ಇಂಥ ವಾಕ್ಯ ಕಂಡಾಗ ನಾವು ಉಪಾಧ್ಯಾಯರು ಸಾಮಾನ್ಯವಾಗಿ ಕೊಡುವ ಉಪದೇಶ ಒಂದೇ: ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಕನ್ನಡದಲ್ಲಿ ಕೊನೆಗೆ ಬರುತ್ತದೆ, ಆದ್ದರಿಂದ ಅದನ್ನು ಕೊನೆಗೆ ಒಯ್ಯಿರಿ. ನಮ್ಮ ವಿದ್ಯಾರ್ಥಿಗೂ ಮೊದಲು ಅದನ್ನೇ ಹೇಳಿದೆವು. ಅವರು ತಿದ್ದಿ ತಂದದ್ದು ಹೀಗಿತ್ತು: "ನಾವು ಯಾರಿಗೆ ಅವರಿಗಾಗಿ ಪ್ರಾರ್ಥಿಸಲು ಯಾರೂ ಇಲ್ಲವೋ ಅವರಿಗಾಗಿ ಪ್ರಾರ್ಥಿಸುತ್ತೇವೆ." ನಮ್ಮ ಉಪದೇಶವನ್ನು ಅವರು ಅಕ್ಷರಶಃ ಪಾಲಿಸಿದ್ದರು, ಕ್ರಿಯಾಪದ ಕೊನೆಯಲ್ಲಿಯೇ ಇತ್ತು. ಆದರೆ ವಾಕ್ಯ ಮೊದಲಿಗಿಂತ ಹೆಚ್ಚು ತೊಡಕಾಗಿತ್ತು. 'ನಾವು' ಎಂದು ಆರಂಭಿಸಿದ ಓದುಗ ತನ್ನ ಕ್ರಿಯಾಪದಕ್ಕಾಗಿ ಏಳು ಪದಗಳಷ್ಟು ಕಾಯಬೇಕು. ಆ ನಡುವೆ 'ನಾವು ಯಾರಿಗೆ' ಎಂಬ ಜೋಡಿ ಪ್ರಶ್ನೆಯಂತೆ ಕೇಳಿಸುತ್ತದೆ. 'ಅವರಿಗಾಗಿ' ಎರಡು ಸಲ ಬಂದು, ಮೊದಲನೆಯದು ಯಾರನ್ನು ಸೂಚಿಸುತ್ತದೆಂಬುದು ತಿಳಿಯುವುದಿಲ್ಲ.

ದೋಷ ನಮ್ಮ ಉಪದೇಶದಲ್ಲಿಯೇ ಇತ್ತು. ಕ್ರಿಯಾಪದವೊಂದನ್ನೇ ಸ್ಥಳಾಂತರಿಸಿ ಉಳಿದುದನ್ನೆಲ್ಲ ಇಂಗ್ಲಿಷಿನ ಸಾಲಿನಲ್ಲಿಯೇ ಬಿಟ್ಟರೆ ಇಂಗ್ಲಿಷಿನ ಕಟ್ಟಡ ಹಾಗೆಯೇ ಉಳಿಯುತ್ತದೆ, ಅದರ ಒಂದು ಕಂಬ ಮಾತ್ರ ಸರಿದಿರುತ್ತದೆ. ಇಂಗ್ಲಿಷಿನಲ್ಲಿ ಮುಖ್ಯವಾದ ಪದ ಮೊದಲು ಬಂದು, ಅದನ್ನು ವಿವರಿಸುವ ಮಾತು ಅದರ ಬೆನ್ನಿಗೆ ಬರುತ್ತದೆ. ಮೊದಲು 'ದೋಸ್', ಆಮೇಲೆ ಅವರು ಎಂಥವರೆಂಬ ವಿವರಣೆ. ಮೊದಲು 'ನೋ ಒನ್', ಆಮೇಲೆ ಯಾವುದಕ್ಕೆ ಎಂಬುದು. ಕನ್ನಡದಲ್ಲಿ ವಿವರಣೆ ಮೊದಲು ಬಂದು, ವಿವರಿಸಲ್ಪಟ್ಟ ಪದ ಅದರ ಕೊನೆಯಲ್ಲಿ ನಿಲ್ಲುತ್ತದೆ. ಹಾಗಾಗಿ ತಿರುಗಬೇಕಾದದ್ದು ಕ್ರಿಯಾಪದವೊಂದೇ ಅಲ್ಲ, ವಾಕ್ಯದ ಪ್ರತಿಯೊಂದು ಕೀಲೂ ತಿರುಗಬೇಕು.

ಇದನ್ನು ನಮ್ಮ ವಾಕ್ಯದಲ್ಲಿಯೇ ಕಾಣಬಹುದು. ಇಂಗ್ಲಿಷ್ ವಾಕ್ಯವನ್ನು ತುಂಡು ತುಂಡಾಗಿ ಬಿಡಿಸಿ ಕೊನೆಯಿಂದ ಓದೋಣ. 'ಫಾರ್ ದೆಮ್' ಎಂಬುದು 'ತಮಗಾಗಿ'. 'ಟು ಪ್ರೇ' ಎಂಬುದು 'ಪ್ರಾರ್ಥಿಸಲು'. 'ನೋ ಒನ್' ಎಂಬುದಕ್ಕೆ 'ಯಾರೂ'. ಅದರ ನಿಷೇಧ ಮುಂದಿನ ತುಂಡಿಗೆ ಸೇರಿ, 'ಹೂ ಹ್ಯಾವ್' ಎಂಬುದು 'ಇಲ್ಲದ' ಎಂದಾಗುತ್ತದೆ. 'ಫಾರ್ ದೋಸ್' ಎಂಬುದು 'ಅವರಿಗಾಗಿ'. ಅದು 'ಇಲ್ಲದ'ದೊಡನೆ ಕೂಡಿ 'ಇಲ್ಲದವರಿಗಾಗಿ' ಎಂದಾಗುತ್ತದೆ. ಉಳಿದದ್ದು 'ಪ್ರೇ' ಮತ್ತು 'ವೀ'. ಅವೆರಡೂ 'ಪ್ರಾರ್ಥಿಸುತ್ತೇವೆ' ಎಂಬ ಒಂದೇ ಪದದಲ್ಲಿ ಅಡಗಿವೆ. ಅಲ್ಲಿಯೂ 'ವೀ' ಎಂಬುದರ ಸ್ಥಾನ ಕಟ್ಟಕಡೆಯ 'ಏವೆ' ಎಂಬ ಪ್ರತ್ಯಯದಲ್ಲಿದೆ. ದೊರೆತ ವಾಕ್ಯ: "ತಮಗಾಗಿ ಪ್ರಾರ್ಥಿಸಲು ಯಾರೂ ಇಲ್ಲದವರಿಗಾಗಿ ಪ್ರಾರ್ಥಿಸುತ್ತೇವೆ." ಇಂಗ್ಲಿಷಿನ ಮೊದಲ ತುಂಡು ಕನ್ನಡದ ಕೊನೆಯದಾಗಿದೆ, ಕೊನೆಯದು ಮೊದಲನೆಯದಾಗಿದೆ, ನಡುವಿನವೂ ಕ್ರಮವಾಗಿ ಹಿಂದುಮುಂದಾಗಿವೆ. ಎಲ್ಲ ವಾಕ್ಯಗಳೂ ಇಷ್ಟು ಅಚ್ಚುಕಟ್ಟಾಗಿ ತಿರುಗುವುದಿಲ್ಲ. ಆದರೆ ಒಂದರೊಳಗೊಂದು ಸೇರಿಕೊಂಡ ಕಿರುವಾಕ್ಯ ಕಂಡಾಗ ಕೊನೆಯ ತುಂಡಿನಿಂದ ಕೆಲಸ ಆರಂಭಿಸುವುದು ಕ್ರಿಯಾಪದವನ್ನು ಒಯ್ಯುವುದಕ್ಕಿಂತ ಒಳ್ಳೆಯ ಅಭ್ಯಾಸ.

'ಯಾರು' ಮತ್ತು 'ಅವರು'

ತೊಡಕಿನ ಬೇರು 'ಹೂ' ಎಂಬ ಸಂಬಂಧಸೂಚಕ ಸರ್ವನಾಮದಲ್ಲಿದೆ. ದ್ರಾವಿಡ ಭಾಷೆಗಳಲ್ಲಿ ಇಂಥ ಸರ್ವನಾಮವಿಲ್ಲ, ಅದರ ಕೆಲಸವನ್ನು ಕೃದಂತ ಮಾಡುತ್ತದೆ ಎಂಬುದನ್ನು ತಿರುನೆಲ್ವೇಲಿಯಲ್ಲಿ ಸೇವೆ ಸಲ್ಲಿಸಿದ ಮಿಷನರಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟವಾದ ತಮ್ಮ ತೌಲನಿಕ ವ್ಯಾಕರಣದಲ್ಲಿಯೇ ಗುರುತಿಸಿದ್ದರು. ನಮ್ಮ ಜನರ ಗಾದೆಗಳು ಇದಕ್ಕೆ ಸಾಕ್ಷಿ. 'ಮಾಡಿದ್ದುಣ್ಣೋ ಮಹಾರಾಯ' ಎನ್ನುತ್ತಾರೆಯೇ ಹೊರತು 'ನೀನು ಯಾವುದನ್ನು ಮಾಡಿದೆಯೋ ಅದನ್ನು ಉಣ್ಣು' ಎನ್ನುವುದಿಲ್ಲ. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಎಂಬಲ್ಲಿ 'ಯಾರು ಕುಣಿಯಲಾರಳೋ ಅವಳು' ಎಂಬ ಇಡೀ ಉಪವಾಕ್ಯ 'ಕುಣಿಯಲಾರದವಳು' ಎಂಬ ಒಂದು ಪದದಲ್ಲಿ ಅಡಕವಾಗಿದೆ. ಹನುಮಂತನಗರದ ತಾಯಿಯ ಬಾಯಲ್ಲಿ ತಾನಾಗಿ ಬಂದ 'ಹೇಳೋರು ಕೇಳೋರು ಇಲ್ಲದವರು' ಕೂಡ ಇದೇ ಅಚ್ಚಿನದು.

ಹಾಗೆಂದು 'ಯಾರು... ಅವರು' ಎಂಬ ಜೋಡಿಯನ್ನು ಪರಭಾಷೆಯ ಕಸವೆಂದು ಹೊರಗೆಸೆಯುವುದು ಅವಸರದ ತೀರ್ಪಾದೀತು. ಸಂಸ್ಕೃತ ವ್ಯಾಖ್ಯಾನಗಳ ಶೈಲಿಯ ಮೂಲಕ ಅದು ಬಹುಕಾಲದಿಂದ ನಮ್ಮ ವಿದ್ವತ್ ಗದ್ಯದಲ್ಲಿ ನೆಲೆಸಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರು ಬಳ್ಳಾರಿಯಲ್ಲಿ ಕೈಗೊಂಡ ಕನ್ನಡ ಬೈಬಲ್ ಅನುವಾದ 1831ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಬೈಬಲಿನ ಕನ್ನಡವನ್ನು ಕೇಳುತ್ತಾ ಬೆಳೆದ ಕ್ರೈಸ್ತರ ಕಿವಿಗೆ 'ಯಾವನು... ಅವನು' ಅಪರಿಚಿತವಲ್ಲ. ಯಾರೇ ಆಗಲಿ ಎಂಬ ಸಾರ್ವತ್ರಿಕ ಅರ್ಥವನ್ನು ಒತ್ತಿ ಹೇಳಬೇಕಾದಲ್ಲಿ, ಶಾಸನದಂಥ ಅಥವಾ ಎಚ್ಚರಿಕೆಯಂಥ ಮಾತಿನಲ್ಲಿ, ಅದಕ್ಕೆ ತಕ್ಕ ಗಾಂಭೀರ್ಯವೂ ಇದೆ. ಆದರೆ ಆ ಜೋಡಿಗೂ ಕನ್ನಡದಲ್ಲಿ ಒಂದು ಕ್ರಮವಿದೆ: 'ಯಾರು' ಮೊದಲು, 'ಅವರು' ಆಮೇಲೆ. ನಮ್ಮ ಹಾಳೆಯಲ್ಲಿದ್ದಂತೆ 'ಅವರಿಗಾಗಿ, ಯಾರಿಗೆ...' ಎಂದು ಅವರನ್ನು ಮೊದಲು ಹೇಳಿ ವಿವರಣೆಯನ್ನು ಬಾಲದಂತೆ ತಗುಲಿಸುವುದು ಸಂಸ್ಕೃತಾನುಸಾರಿಯಾದ ಗದ್ಯದ ರೂಢಿಯೂ ಅಲ್ಲ, ಜನರ ಮಾತಿನ ರೂಢಿಯೂ ಅಲ್ಲ. ಅದು ಇಂಗ್ಲಿಷಿನ ನೆರಳು ಮಾತ್ರ. ಒಂದು ಅನುವಾದ ಇಂಗ್ಲಿಷಿಗೆ ಜೋತುಬಿದ್ದಿದೆಯೇ ಎಂದು ತಿಳಿಯಲು ಇಷ್ಟು ನೋಡಿದರೆ ಸಾಕು: ಕ್ರಿಯಾಪದ ಮುಗಿದ ಮೇಲೂ ಅಲ್ಪವಿರಾಮ ಹಾಕಿಕೊಂಡು ವಾಕ್ಯ ಮುಂದುವರಿಯುತ್ತಿದೆಯೇ?

ಕೃದಂತದ ಎರಡು ಅಪಾಯಗಳು

ಕೃದಂತವನ್ನು ಕಲಿತ ವಿದ್ಯಾರ್ಥಿ ಮುಂದಿನ ಸಲ ಅದನ್ನು ಮಿತಿಮೀರಿ ಬಳಸುತ್ತಾನೆ. ನಮ್ಮ ತರಗತಿಯಲ್ಲಿ ಅದೇ ವಾಕ್ಯವನ್ನು ಕೊಟ್ಟಾಗ ಒಬ್ಬರು ಬರೆದರು: "ತಮಗಾಗಿ ಪ್ರಾರ್ಥಿಸುವವರಿಲ್ಲದವರಿಗಾಗಿ ಪ್ರಾರ್ಥಿಸುತ್ತೇವೆ." ವ್ಯಾಕರಣ ನಿರ್ದುಷ್ಟ. ಆದರೆ ಇದನ್ನು ಗಟ್ಟಿಯಾಗಿ ಓದಿಸಿದಾಗ ಎರಡು ಸಂಗತಿಗಳು ತಿಳಿದವು. ಒಂದು, 'ಪ್ರಾರ್ಥಿಸುವವರಿಲ್ಲದವರಿಗಾಗಿ' ಎಂಬಲ್ಲಿ ನಾಲಗೆ ತಡವರಿಸಿತು. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು: 'ತಮಗಾಗಿ ಪ್ರಾರ್ಥಿಸುವವರು' ಎಂದು ಕಿವಿಗೆ ಬಿದ್ದೊಡನೆ ಕೇಳುಗರು 'ತಮಗೋಸ್ಕರ ತಾವೇ ಪ್ರಾರ್ಥಿಸಿಕೊಳ್ಳುವವರು' ಎಂದು ತಿಳಿದರು. 'ತಾವು' ಎಂಬ ಸರ್ವನಾಮ ತನ್ನ ಹತ್ತಿರದ ಕರ್ತೃವನ್ನು ಹಿಡಿಯಲು ಹವಣಿಸುತ್ತದೆ. ಇಲ್ಲಿ ಹತ್ತಿರದಲ್ಲಿರುವವರು ಪ್ರಾರ್ಥಿಸುವವರು. ನಾವು ಉದ್ದೇಶಿಸಿದವರಾದರೋ ಯಾರೂ ಇಲ್ಲದವರು, ಅವರು ಇನ್ನೂ ದೂರದಲ್ಲಿದ್ದಾರೆ. 'ಪ್ರಾರ್ಥಿಸುವವರು' ಎಂಬುದರ ಬದಲು 'ಪ್ರಾರ್ಥಿಸಲು ಯಾರೂ' ಎಂದು ಬಿಡಿಸಿದರೆ ಆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ. 'ತಮಗಾಗಿ' ಎಂಬುದನ್ನು 'ತಮಗೆಂದು' ಎಂದು ಬದಲಿಸಿದರೆ 'ಗಾಗಿ' ಎರಡು ಸಲ ಬರುವುದೂ ತಪ್ಪುತ್ತದೆ.

ಎರಡನೆಯ ಅಪಾಯ ದೈವಶಾಸ್ತ್ರದ ಅಂಗಳಕ್ಕೆ ಸೇರಿದ್ದು. ಕೃದಂತ ತಾನು ವಿಶೇಷಿಸುವ ನಾಮಪದದ ವಿಭಕ್ತಿ ಸಂಬಂಧವನ್ನು ನುಂಗಿಬಿಡುತ್ತದೆ. 'ನಾನು ಬರೆದ ಪತ್ರ', 'ನಾನು ಬರೆದ ಪೆನ್ನು', 'ನಾನು ಬರೆದ ಕೋಣೆ' ಈ ಮೂರರಲ್ಲಿಯೂ 'ಬರೆದ' ಒಂದೇ. ಪತ್ರವನ್ನು ಬರೆದದ್ದು, ಪೆನ್ನಿನಿಂದ ಬರೆದದ್ದು, ಕೋಣೆಯಲ್ಲಿ ಬರೆದದ್ದು ಎಂಬ ಭೇದವನ್ನು ಲೋಕಜ್ಞಾನದಿಂದ ನಾವೇ ತುಂಬಿಕೊಳ್ಳುತ್ತೇವೆ. ಈಗ 'ನಾವು ಯಾವ ಮೃತರಿಗಾಗಿ ಪ್ರಾರ್ಥಿಸುತ್ತೇವೋ ಆ ಮೃತರು' ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಒಬ್ಬರು 'ನಾವು ಪ್ರಾರ್ಥಿಸುವ ಮೃತರು' ಎಂದು ಅನುವಾದಿಸಿದರೆಂದು ಭಾವಿಸೋಣ. ಮೃತರಿಗಾಗಿ ಪ್ರಾರ್ಥಿಸುವುದು ಒಂದು, ಮೃತರನ್ನು ಪ್ರಾರ್ಥಿಸುವುದು ಇನ್ನೊಂದು. ಮೊದಲನೆಯದು ಧರ್ಮಸಭೆಯ ಪುರಾತನ ಸಂಪ್ರದಾಯ. ಎರಡನೆಯ ಅರ್ಥವನ್ನು ಕೇಳುಗ ಗ್ರಹಿಸಿದರೆ, ನಮ್ಮ ಪ್ರಾರ್ಥನೆಯ ಆಸರೆ ಬೇಕಾದ ಆತ್ಮಗಳಿಗೂ ನಾವು ಬಿನ್ನಹ ಸಲ್ಲಿಸುವ ಸಂತರಿಗೂ ಇರುವ ಗೆರೆಯೇ ಅಳಿಸಿಹೋಗುತ್ತದೆ. ಇತರ ಸಭೆಗಳ ಸಹೋದರರು ನಮ್ಮ ಮೇಲೆ ಹೊರಿಸುವ ಹಳೆಯ ಆಕ್ಷೇಪಕ್ಕೆ ನಾವೇ ಒಂದು ವಾಕ್ಯವನ್ನು ಒದಗಿಸಿದಂತಾಗುತ್ತದೆ. ಸಂಬಂಧ ಹೀಗೆ ಸಂದಿಗ್ಧವಾಗುವಲ್ಲಿ 'ಯಾರಿಗಾಗಿ... ಅವರು' ಎಂಬ ಜೋಡಿಯೇ ಲೇಸು. ಇಲ್ಲವೇ 'ನಮ್ಮ ಪ್ರಾರ್ಥನೆ ಬೇಕಾದ ಮೃತರು' ಎಂದು ಮಾತನ್ನೇ ಬದಲಿಸುವುದು ಇನ್ನೂ ಲೇಸು. ಸಹಜ ಕನ್ನಡವೆಂದರೆ ಎಲ್ಲೆಲ್ಲೂ ಕೃದಂತವೆಂದಲ್ಲ.

'ನಾವು' ಎಲ್ಲಿ ನಿಲ್ಲಬೇಕು?

ಇಲ್ಲಿಯವರೆಗೆ ದೊರೆತ ವಾಕ್ಯದಲ್ಲಿ 'ನಾವು' ಇಲ್ಲ. ಕ್ರಿಯಾಪದದ ಪ್ರತ್ಯಯದಲ್ಲಿಯೇ ಅದು ಇರುವುದರಿಂದ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬಿಡಲಾಗದು. ಅಲ್ಲಿರುವ 'ವೀ' ಅರ್ಥಕ್ಕಾಗಿ ಬಂದದ್ದೋ ವ್ಯಾಕರಣಕ್ಕಾಗಿ ಬಂದದ್ದೋ ಎಂಬುದನ್ನು ಅನುವಾದಕನೇ ನಿರ್ಣಯಿಸಬೇಕು. ಕನ್ನಡ ಅವನ ಮುಂದೆ ಮೂರು ದಾರಿಗಳನ್ನಿಡುತ್ತದೆ. 'ನಾವು' ಎಂಬುದನ್ನು ಬಿಟ್ಟರೆ ಪ್ರಾರ್ಥನೆಯ ಕಡೆಗೇ ಗಮನ ಹೋಗುತ್ತದೆ. ಮೊದಲಲ್ಲಿಟ್ಟರೆ ಅದೊಂದು ಸಾಮಾನ್ಯ ನಿರೂಪಣೆ. ಮುಂದಿನ ವಿವರಣೆ ಉದ್ದವಾದರೆ ಆ 'ನಾವು' ಮರೆತೇಹೋಗುತ್ತದೆ. ಕ್ರಿಯಾಪದಕ್ಕೆ ತೀರ ಹತ್ತಿರ ಇಟ್ಟರೆ ಅದಕ್ಕೆ ಒತ್ತು ಬೀಳುತ್ತದೆ: "ತಮಗೆಂದು ಪ್ರಾರ್ಥಿಸಲು ಯಾರೂ ಇಲ್ಲದವರಿಗಾಗಿ ನಾವು ಪ್ರಾರ್ಥಿಸುತ್ತೇವೆ."

ಕ್ರಿಯಾಪದದ ಎಡಮಗ್ಗುಲು ಕನ್ನಡ ವಾಕ್ಯದಲ್ಲಿ ಗೌರವದ ಪೀಠ. ಯಾವುದನ್ನು ಹೇಳಲು ವಾಕ್ಯ ಹುಟ್ಟಿತೋ ಅದು ಅಲ್ಲಿ ಕೂರುತ್ತದೆ. 'ಈ ಪುಸ್ತಕ ಕೊಟ್ಟವರು ಯಾರು?' ಎಂದರೆ 'ಈ ಪುಸ್ತಕ ನನಗೆ ಅಪ್ಪ ಕೊಟ್ಟರು' ಎನ್ನುತ್ತೇವೆ. 'ಅಪ್ಪ ಏನು ಕೊಟ್ಟರು?' ಎಂದರೆ 'ಅಪ್ಪ ನನಗೆ ಪುಸ್ತಕ ಕೊಟ್ಟರು' ಎನ್ನುತ್ತೇವೆ. ಪದಗಳು ಹೆಚ್ಚುಕಡಿಮೆ ಅವೇ, ಪ್ರಶ್ನೆ ಬದಲಾದಂತೆ ಪೀಠದಲ್ಲಿ ಕೂರುವ ಪದ ಬದಲಾಯಿತು. ಇಂಗ್ಲಿಷ್ ಇದೇ ಕೆಲಸವನ್ನು ಬಹುಪಾಲು ದನಿಯ ಏರಿಳಿತದಿಂದ ಮಾಡುತ್ತದೆ, ಅಚ್ಚಾದ ಹಾಳೆಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಅನುವಾದಕ ಮೊದಲು ಕೇಳಿಕೊಳ್ಳಬೇಕಾದದ್ದು 'ಯಾವ ಪದಕ್ಕೆ ಯಾವ ಪದ' ಎಂದಲ್ಲ, 'ಈ ವಾಕ್ಯ ಯಾವ ಪ್ರಶ್ನೆಗೆ ಉತ್ತರ' ಎಂದು.

ನಮ್ಮ ವಾಕ್ಯದ ಪ್ರಶ್ನೆ 'ಯಾರಿಗಾಗಿ ಪ್ರಾರ್ಥಿಸುತ್ತೀರಿ?' ಎಂಬುದಾಗಿದ್ದರೆ 'ನಾವು' ಬೇಕಿಲ್ಲ. 'ಇಲ್ಲದವರಿಗಾಗಿ' ಎಂಬುದೇ ಪೀಠದಲ್ಲಿರಬೇಕು. ಐದು ಪ್ರಾರ್ಥನೆಗಳ ಸಾಲಿನಲ್ಲಿ, ಮೊದಲು ನಮ್ಮ ತಂದೆತಾಯಿಗಳಿಗಾಗಿ, ಆಮೇಲೆ ಉಪಕಾರಿಗಳಿಗಾಗಿ, ಆಮೇಲೆ ಇವರಿಗಾಗಿ ಎಂದು ಬರುವಾಗ ಇದೇ ಸರಿ. 'ಯಾರೂ ಪ್ರಾರ್ಥಿಸದವರಿಗಾಗಿ ಪ್ರಾರ್ಥಿಸುವವರು ಯಾರು?' ಎಂಬುದು ಪ್ರಶ್ನೆಯಾದರೆ, ಪ್ರಬೋಧನೆಯ ಕೊನೆಯಲ್ಲಿ ಸಮುದಾಯವನ್ನು ಎಚ್ಚರಿಸುವಂತೆ ಈ ಮಾತು ಬಂದರೆ, 'ನಾವು' ಪೀಠಕ್ಕೆ ಬರಬೇಕು. 'ಯಾರೂ ಇಲ್ಲ' ಎಂಬುದರ ಎದುರಿಗೆ 'ನಾವು' ನಿಂತಾಗ ಸಂತರ ಅನ್ಯೋನ್ಯತೆಯ ತತ್ತ್ವವೇ ವಾಕ್ಯದ ರಚನೆಯಲ್ಲಿ ಕೇಳಿಸುತ್ತದೆ. ಒಬ್ಬ ವಿದ್ಯಾರ್ಥಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ನಾವೇ ಪ್ರಾರ್ಥಿಸುತ್ತೇವೆ' ಎಂದು ಬರೆದಿದ್ದರು. ಆ 'ಏ'ಕಾರ ಉಳಿದ ಭಕ್ತರನ್ನೆಲ್ಲ ಹೊರಗಿಟ್ಟು, ಬಿನ್ನಹವನ್ನು ಹೆಗ್ಗಳಿಕೆಯಾಗಿ ಮಾಡುತ್ತದೆ. ಅದನ್ನು ನಾವು ಒಪ್ಪಲಿಲ್ಲ.

ಹನುಮಂತನಗರದ ತಾಯಿಯ ಮಾತನ್ನೇ ಹಾಗೆಯೇ ಇಟ್ಟುಕೊಳ್ಳಬಾರದೇಕೆ ಎಂದು ಕೇಳಬಹುದು. 'ಹೇಳೋರು ಕೇಳೋರು ಇಲ್ಲದವರು' ಎಂಬುದು ಜೀವಂತ ನುಡಿ, ರಚನೆ ನಿರ್ದುಷ್ಟ. ಆದರೆ ಅದು ದಿಕ್ಕುದೆಸೆಯಿಲ್ಲದವರನ್ನು, ಹಲವೊಮ್ಮೆ ಹದ್ದುಬಸ್ತಿಲ್ಲದವರನ್ನು ಕೂಡ, ಸೂಚಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂಲದಲ್ಲಿ 'ಪ್ರೇ' ಎರಡು ಸಲ ಬಂದಿದೆ: ಅವರಿಗೆ ಇಲ್ಲದ್ದು ಯಾವುದೋ ಅದನ್ನೇ ನಾವು ಕೊಡುತ್ತಿದ್ದೇವೆ. ಆ ಪುನರುಕ್ತಿ ವಾಕ್ಯದ ಪ್ರಾಣ. ಪದಕ್ರಮವನ್ನು ಬಿಡಬಹುದು, ಇದನ್ನು ಬಿಡಲಾಗದು. ಆ ತಾಯಿಯಿಂದ ನಾವು ಕಲಿಯಬೇಕಾದದ್ದು ಪದವನ್ನಲ್ಲ, ಅಚ್ಚನ್ನು.

'ಆಗಿದ್ದಾರೆ' ಎಂಬ ಬಾಲ

ಕ್ರಿಯಾಪದವನ್ನು ಕೊನೆಗೊಯ್ಯಿರಿ ಎಂಬ ಅರೆಸೂತ್ರ ಇನ್ನೊಂದು ಕಡೆ ಇದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ. 'ಕ್ರೈಸ್ಟ್ ಈಸ್ ಗಾಡ್' ಎಂಬ ಮೂರು ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ನಡುವಿನ 'ಈಸ್' ಎಂಬುದನ್ನು ಕೊನೆಗೊಯ್ದರೆ 'ಕ್ರಿಸ್ತರು ದೇವರಾಗಿದ್ದಾರೆ' ಎಂದಾಗುತ್ತದೆ. ಪದಕ್ರಮ ಕನ್ನಡದ್ದೇ. ಆದರೆ ಈ ಕೊನೆಯ ಪದಕ್ಕೆ ಇಲ್ಲಿ ಕೆಲಸವೇನು? 'ಇವರು ನನ್ನ ತಾಯಿ' ಎಂದು ಪರಿಚಯಿಸುತ್ತೇವೆ. 'ಇವರು ನನ್ನ ತಾಯಿಯಾಗಿದ್ದಾರೆ' ಎನ್ನುವ ಕನ್ನಡಿಗನಿಲ್ಲ. 'ಅವರು ಈಗ ಗುರುಮಠದ ಮುಖ್ಯಸ್ಥರಾಗಿದ್ದಾರೆ' ಎನ್ನುತ್ತೇವೆ, ಏಕೆಂದರೆ ಅವರು ಒಂದು ದಿನ ಮುಖ್ಯಸ್ಥರಾದವರು, ಮುಂದೊಂದು ದಿನ ಆ ಸ್ಥಾನ ಬಿಡುವವರು. 'ಆಗಿ' ಎಂಬುದು 'ಆಗು' ಧಾತುವಿನ ರೂಪ; ಮೊದಲಿಲ್ಲದ್ದು ಆಮೇಲೆ ಒದಗಿತು ಎಂಬ ಛಾಯೆ ಅದಕ್ಕೆ ಸಹಜ.

ನೈಸೀಯದಲ್ಲಿ 325ರಲ್ಲಿ ಸೇರಿದ ಪಿತೃಗಳು ಹೋರಾಡಿದ್ದು ಈ ಛಾಯೆಯ ವಿರುದ್ಧವೇ. ಪುತ್ರರು ಜನಿಸಿದವರು, ಉಂಟುಮಾಡಲ್ಪಟ್ಟವರಲ್ಲ. ಅವರು ಇಲ್ಲದಿದ್ದ ಕಾಲವಿಲ್ಲ. ಯೊವಾನ್ನರ ಶುಭಸಂದೇಶದ ಪೀಠಿಕೆಯಲ್ಲಿ ವಾಕ್ಯದ ದೈವತ್ವವನ್ನು ಹೇಳುವಾಗ 'ಇರು' ಎಂಬರ್ಥದ ಗ್ರೀಕ್ ಕ್ರಿಯಾಪದವಿದೆ, ಅದೇ ವಾಕ್ಯ ಮನುಷ್ಯತ್ವ ಧರಿಸಿದ್ದನ್ನು ಹೇಳುವಾಗ 'ಆಗು' ಎಂಬರ್ಥದ ಬೇರೆ ಕ್ರಿಯಾಪದವಿದೆ. ಕನ್ನಡದಲ್ಲಿ ಎರಡಕ್ಕೂ 'ಆಗು' ಎಂಬುದನ್ನೇ ಬಳಸಿದರೆ ಆ ಅಂತರ ಮಸುಕಾಗುತ್ತದೆ. 'ಕ್ರಿಸ್ತರು ದೇವರು, ನಮಗಾಗಿ ಮನುಷ್ಯರಾದರು' ಎಂದಾಗ ಕನ್ನಡವೇ ಆ ಭೇದವನ್ನು ಎತ್ತಿ ಹಿಡಿಯುತ್ತದೆ: ಮೊದಲರ್ಧದಲ್ಲಿ ಕ್ರಿಯಾಪದವಿಲ್ಲ, ಎರಡನೆಯದರಲ್ಲಿ 'ಆದರು'. ಯಾರಾದರೂ ಅಲ್ಲಗಳೆದ ಸಂದರ್ಭದಲ್ಲಿ ಒತ್ತಿ ಹೇಳಬೇಕಾದರೆ 'ಕ್ರಿಸ್ತರು ದೇವರೇ' ಎಂಬ ಒಂದು 'ಏ'ಕಾರ ಸಾಕು.

ಇದರಿಂದ 'ಆಗಿದ್ದಾರೆ' ಎಂದವರೆಲ್ಲ ಆರಿಯನ ಶಿಷ್ಯರೆಂದು ನಾವು ಹೇಳುತ್ತಿಲ್ಲ. ಪಠ್ಯಪುಸ್ತಕಗಳಿಂದಾಗಿ ಆ ರೂಪ ಎಷ್ಟು ರೂಢವಾಗಿದೆಯೆಂದರೆ ಬಹುಮಂದಿ ಅದನ್ನು ಬರಿಯ 'ಈಸ್' ಎಂದೇ ಕೇಳುತ್ತಾರೆ. ಅಲ್ಲದೆ ಕ್ರಿಯಾಪದವಿಲ್ಲದ ಕನ್ನಡ ವಾಕ್ಯಕ್ಕೆ ಕಾಲಸೂಚನೆಯ ಶಕ್ತಿಯಿಲ್ಲ. ಯೊವಾನ್ನರ ಪೀಠಿಕೆಯಲ್ಲಿರುವಂತೆ ಭೂತಕಾಲ ಬೇಕೇ ಬೇಕಾದಲ್ಲಿ 'ಆಗಿದ್ದರು' ಎಂಬುದರ ಮೊರೆಹೋಗದೆ ಗತಿಯಿಲ್ಲ. ಅಲ್ಲಿ ಉಳಿದ ಅರ್ಥವನ್ನು ವ್ಯಾಖ್ಯಾನವೇ ಕಾಯಬೇಕು. ಆದರೆ ವರ್ತಮಾನದ, ನಿತ್ಯಸತ್ಯದ ಮಾತಿನಲ್ಲಿ ಆ ಬಾಲಕ್ಕೆ ಕಾರಣವೇ ಇಲ್ಲ. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವಿತ್ತೆಂಬುದೇ ಅದು ಅಲ್ಲಿರುವುದಕ್ಕೆ ಏಕೈಕ ಕಾರಣ.

ನಿಷ್ಠೆ ಯಾವುದಕ್ಕೆ?

ಪದಕ್ರಮವನ್ನು ಹೀಗೆ ತಲೆಕೆಳಗು ಮಾಡುವುದು ಮೂಲಕ್ಕೆ ದ್ರೋಹವಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅವರ ಕೈಯಲ್ಲಿ 2001ರ 'ಲಿತುರ್ಜಿಯಾಮ್ ಔಥೆಂತಿಕಾಮ್' ಎಂಬ ರೋಮ್ ಸೂಚನಾಪತ್ರವಿರುತ್ತದೆ. ಉಪವಾಕ್ಯಗಳ ಮತ್ತು ಪದಗಳ ಕ್ರಮದಿಂದ ತೋರುವ ಸಂಬಂಧವನ್ನು ಸಾಧ್ಯವಾದಷ್ಟು ಪೂರ್ಣವಾಗಿ ಉಳಿಸಿಕೊಳ್ಳಬೇಕೆಂದು ಅದರ 57ನೆಯ ಪರಿಚ್ಛೇದ ಹೇಳುತ್ತದೆ ಎಂಬುದು ನಿಜ. ಆದರೆ ದೇಶಭಾಷೆಗೆ ಉಚಿತವಾದ ರೀತಿಯಲ್ಲಿ ಎಂಬ ಮಾತೂ ಅದೇ ವಾಕ್ಯದಲ್ಲಿದೆ. ಉಳಿಯಬೇಕಾದದ್ದು ಸಂಬಂಧ, ಯಾವುದು ಯಾವುದಕ್ಕೆ ಅಧೀನ, ಯಾವುದು ಮುಖ್ಯ ಎಂಬುದು. ನಮ್ಮ ವಾಕ್ಯದಲ್ಲಿ 'ಯಾರೂ ಇಲ್ಲದ' ಎಂಬುದು 'ಅವರಿಗಾಗಿ' ಎಂಬುದಕ್ಕೆ ಅಧೀನವಾಗಿಯೇ ಉಳಿದಿದೆ, 'ಪ್ರಾರ್ಥಿಸುತ್ತೇವೆ' ಎಂಬುದು ಮುಖ್ಯವಾಗಿಯೇ ಉಳಿದಿದೆ. ಇಂಗ್ಲಿಷ್ ಅದನ್ನು ಬಲಕ್ಕೆ ಚಾಚುತ್ತದೆ, ಕನ್ನಡ ಎಡಕ್ಕೆ ಚಾಚುತ್ತದೆ, ಸಂಬಂಧ ಒಂದೇ. ನಮ್ಮ ವಿದ್ಯಾರ್ಥಿಯ ಮೊದಲ ಅನುವಾದ ಕ್ರಮವನ್ನು ಉಳಿಸಿ ಸಂಬಂಧವನ್ನೇ ಕಳೆದುಕೊಂಡಿತ್ತು.

ಆ ಸೂಚನಾಪತ್ರ ಪೂಜಾವಿಧಿಯ ಅನುವಾದಗಳು ಮೂಲ ಪಠ್ಯದಿಂದಲೇ ಆಗಬೇಕು, ಇನ್ನೊಂದು ಅನುವಾದದಿಂದಲ್ಲ ಎಂದೂ ವಿಧಿಸುತ್ತದೆ. ಇದು ಕನ್ನಡಕ್ಕೆ ಅನುಕೂಲವೇ. ರೋಮನ್ ಪ್ರಾರ್ಥನೆಗಳಲ್ಲಿ ದೇವರನ್ನು ಕರೆದು, ಅವರು ಮಾಡಿದ ಉಪಕಾರವನ್ನು ಒಂದು ಸಂಬಂಧಸೂಚಕ ಉಪವಾಕ್ಯದಲ್ಲಿ ಹೇಳುವ ರೂಢಿಯಿದೆ. 1973ರ ಇಂಗ್ಲಿಷ್ ಅನುವಾದ ಅದನ್ನು ಎಷ್ಟೋ ಕಡೆ ಬೇರೆ ವಾಕ್ಯವಾಗಿ ಒಡೆಯಿತು. 2011ರಲ್ಲಿ ಬಳಕೆಗೆ ಬಂದ ಅನುವಾದ ಅದನ್ನು ಮರಳಿ ಜೋಡಿಸಿತು, ಹಾಗೆ ಮಾಡುವಲ್ಲಿ ಬಿಗಿಯಾಯಿತೆಂಬ ಆಕ್ಷೇಪಕ್ಕೂ ಗುರಿಯಾಯಿತು. ಕನ್ನಡಕ್ಕೆ ಈ ಇಕ್ಕಟ್ಟಿಲ್ಲ. 'ನಮ್ಮನ್ನು ಸೃಷ್ಟಿಸಿದ ದೇವರೇ' ಎಂದಾಗ ಕರೆಯೂ ಉಪವಾಕ್ಯವೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಇಂಗ್ಲಿಷಿನ ದಾರಿ ಹಿಡಿದರೆ ನಮ್ಮಲ್ಲಿ ಇಲ್ಲದ ಕಷ್ಟವನ್ನು ನಾವು ಕೇಳಿ ಪಡೆದಂತೆ.

ಮರುವಾರ ಹಾಳೆಯನ್ನು ಮತ್ತೆ ಅಚ್ಚು ಹಾಕಿಸಲಾಯಿತು. ಐದು ಪ್ರಾರ್ಥನೆಗಳ ಸಾಲಿನಲ್ಲಿ ಅದು ಮೂರನೆಯದಾದ್ದರಿಂದ 'ನಾವು' ಎಂಬುದನ್ನು ಬಿಟ್ಟು, "ತಮಗೆಂದು ಪ್ರಾರ್ಥಿಸಲು ಯಾರೂ ಇಲ್ಲದವರಿಗಾಗಿ ಪ್ರಾರ್ಥಿಸುತ್ತೇವೆ" ಎಂಬ ರೂಪವನ್ನೇ ಉಳಿಸಿಕೊಂಡೆವು. ಅದೇ ಮನೆಯಲ್ಲಿ ಅದೇ ಸೊಸೆ ಓದಿದರು. ಆ ತಾಯಿ ಈ ಸಲ ಏನನ್ನೂ ಕೇಳಲಿಲ್ಲ. ಉಳಿದವರೊಡನೆ 'ಆಮೆನ್' ಎಂದರು.